ಮುಡಿದುಕೋ, ನಾಳೆ ಕೊಡು

ಮರೆವು ಹಿಡಿದ ಅಜ್ಜಿಯ ಬಗ್ಗೆ ಕವಿತೆ ಬರೆಯಲು ಕುಳಿತವರಿಗೆ ಮೊದಲು ಹೊಳೆಯುವ ಸಾಲು ಒಂದಿದೆ: ಅಜ್ಜಿ ಮತ್ತೆ ಮಗುವಾದಳು. ಕೇಳಲು ಹಿತವಾಗಿದೆ. ಮುದ್ದು ಇದೆ, ನೋವೂ ಇದೆ. ಕವಿಗೋಷ್ಠಿಯಲ್ಲಿ ಓದಿದರೆ ಸಭೆ ಒಂದು ಕ್ಷಣ ಮೌನವಾಗುತ್ತದೆ. ಆದರೆ ಆ ಸಾಲು ನಿಜವಲ್ಲ. ಮಗು ಇನ್ನೂ ಬದುಕಿಲ್ಲ, ಅಜ್ಜಿ ಎಂಬತ್ತು ವರ್ಷ ಬದುಕಿದ್ದಾಳೆ. ಮಗುವಿಗೆ ತುತ್ತು ತಿನ್ನಿಸುವಾಗ ಅದಕ್ಕೆ ಅವಮಾನವಾಗುವುದಿಲ್ಲ. ಹತ್ತು ಜನರಿಗೆ ಬಡಿಸಿದ ಹೆಂಗಸಿಗೆ ಇನ್ನೊಬ್ಬರು ಬಾಯಿ ಒರೆಸಿದರೆ ಅವಮಾನವಾಗುತ್ತದೆ. ಆಗ ಅವಳು ಮುಖ ತಿರುಗಿಸುತ್ತಾಳೆ. ಮಗು ಎಂದು ಕರೆದ ಕವಿತೆಗೆ ಆ ಮುಖ ತಿರುಗಿಸಿದ್ದು ಕಾಣಿಸುವುದೇ ಇಲ್ಲ. ಡಿಮೆನ್ಷಿಯಾ ಇರುವವರ ಆರೈಕೆಯ ಬಗ್ಗೆ ಬ್ರಿಟನ್ನಿನ ಟಾಮ್ ಕಿಟ್‌ವುಡ್ 1997ರಲ್ಲಿ ಬರೆದ ಪುಸ್ತಕ ಇಂದಿಗೂ ಆ ಕ್ಷೇತ್ರದ ಮೂಲಗ್ರಂಥಗಳಲ್ಲೊಂದು. ರೋಗಿಯ ವ್ಯಕ್ತಿತ್ವವನ್ನು ಸುತ್ತಲಿನವರೇ ಸವೆಸುವ ಬಗೆಗಳನ್ನು ಆತ ಪಟ್ಟಿಮಾಡುತ್ತಾ ಹೋಗುತ್ತಾನೆ. ದೊಡ್ಡವರನ್ನು ಮಗುವಿನಂತೆ ಕಾಣುವುದು ಅವುಗಳಲ್ಲಿ ಒಂದು. ಅದನ್ನು ಮಾಡುವವರು ಕೆಟ್ಟವರಲ್ಲ, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ ಎಂಬುದನ್ನೂ ಆತ ಒತ್ತಿ ಹೇಳಿದ.

ಕವಿತೆಯಲ್ಲೂ ಹಾಗೆಯೇ. ಅಜ್ಜಿಯ ಮೇಲೆ ಪ್ರೀತಿ ಇಲ್ಲದವರು ಅವಳ ಮೇಲೆ ಕವಿತೆ ಬರೆಯಲು ಹೋಗುವುದಿಲ್ಲ. ಪ್ರೀತಿ ಇರುತ್ತದೆ, ಬರೆಯುತ್ತಾ ಬರೆಯುತ್ತಾ ಅದು ಕನಿಕರವಾಗಿಬಿಡುತ್ತದೆ. ಕನಿಕರಕ್ಕೆ ಒಂದು ಎತ್ತರ ಬೇಕು. ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ ಎಂಬ ಎತ್ತರದಲ್ಲಿ ನಿಂತು ನೋಡಿದರೆ ಅಜ್ಜಿಯ ಪ್ರತಿಯೊಂದು ನಡೆಯೂ ತಪ್ಪಾಗಿಯೇ ಕಾಣುತ್ತದೆ. ಅಕ್ಕರೆ ಅವಳ ಪಕ್ಕದಲ್ಲೇ ಕುಳಿತು ನೋಡುತ್ತದೆ. ಅಲ್ಲಿಂದ ನೋಡಿದರೆ ಅವಳು ಮಾಡುವ ಪ್ರತಿಯೊಂದಕ್ಕೂ ಒಂದು ಕಾರಣವಿರುವುದು ತಿಳಿಯುತ್ತದೆ. ಆ ಕಾರಣ ಇವತ್ತಿನದಲ್ಲ, ಅರವತ್ತು ವರ್ಷ ಹಿಂದಿನದು, ಅಷ್ಟೆ. ಮರೆವಿನ ಕವಿತೆ ಬರೆಯುವವರು ಮಾಡಬೇಕಾದ ಕೆಲಸವೆಲ್ಲ ಆ ಕಾರಣವನ್ನು ಹುಡುಕಿ ಸಾಲಿನೊಳಗೆ ತರುವುದರಲ್ಲಿದೆ ಎಂದು ನಾನು ನಂಬುತ್ತೇನೆ.

ಇದಕ್ಕೆ ಒಳ್ಳೆಯ ಮೇಲ್ಪಂಕ್ತಿ ಹಾಕಿಕೊಟ್ಟವನು ಕವಿಯಲ್ಲ, ಒಬ್ಬ ವೈದ್ಯ. 1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಗಂಡ ಕರೆತಂದ. ಅವಳನ್ನು ಪರೀಕ್ಷಿಸಿದವನು ಆಲೋಯಿಸ್ ಆಲ್ಝೈಮರ್. ಕಾಯಿಲೆಗೆ ಆಗ ಹೆಸರೇ ಇರಲಿಲ್ಲ. ಮುಂದೆ ಅವನ ಹೆಸರೇ ಅದಕ್ಕೆ ಬಂತು. ತಾನು ಕೇಳಿದ್ದನ್ನೂ ಅವಳು ಹೇಳಿದ್ದನ್ನೂ ಅವನು ಇದ್ದದ್ದು ಇದ್ದಂತೆ ಬರೆದಿಟ್ಟ. ಗಂಡನ ಹೆಸರೇನೆಂದು ಕೇಳಿದರೆ ಅವಳು ತನ್ನ ಹೆಸರನ್ನೇ ಹೇಳಿದಳು. ಊಟದ ತಟ್ಟೆಯಲ್ಲಿ ಹೂಕೋಸು ಮತ್ತು ಹಂದಿಮಾಂಸ ಇತ್ತು, ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಎಂದಳು. ಹೆಸರು ಬರೆಯಲು ಹೇಳಿದಾಗ ‘ಶ್ರೀಮತಿ’ ಎಂಬಲ್ಲಿಗೆ ನಿಂತುಬಿಟ್ಟಳು. ನನ್ನನ್ನೇ ನಾನು ಕಳೆದುಕೊಂಡಿದ್ದೇನೆ ಎಂದಳು. ಆ ಕಡತ ಎಷ್ಟೋ ದಶಕ ಕಾಣೆಯಾಗಿತ್ತು. 1995ರಲ್ಲಿ ಅದೇ ಊರಿನ ಆಸ್ಪತ್ರೆಯಲ್ಲಿ ಸಿಕ್ಕಿತು. ಓದಿದರೆ ಎದೆ ಹಿಂಡುತ್ತದೆ. ಆದರೆ ಅದರಲ್ಲಿ ಒಂದು ‘ಅಯ್ಯೋ’ ಇಲ್ಲ. ಒಬ್ಬಳು ಹೆಂಗಸು ಮಾತಾಡುತ್ತಿದ್ದಾಳೆ, ಒಬ್ಬ ಅದನ್ನು ಬರೆದುಕೊಳ್ಳುತ್ತಿದ್ದಾನೆ. ಅವಳ ಮಾತನ್ನು ತಿದ್ದದೆ, ತುಂಬದೆ, ಅವಳು ಎಲ್ಲಿ ನಿಲ್ಲಿಸಿದಳೋ ಅಲ್ಲಿಗೇ ನಿಲ್ಲಿಸಿದ್ದಾನೆ. ಅಷ್ಟು ನಿಷ್ಠೆಯಿಂದ ಕೇಳಿಸಿಕೊಳ್ಳುವುದೇ ದೊಡ್ಡ ಗೌರವ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು ಇದೆ, ಅದು ನಮ್ಮ ವ್ಯಾಕರಣದ್ದು. ನೆನಪಾಗುವುದು, ಗೊತ್ತಾಗುವುದು, ಹಸಿವಾಗುವುದು, ಬೇಕಾಗುವುದು, ಇವೆಲ್ಲ ಕನ್ನಡದಲ್ಲಿ ಚತುರ್ಥಿ ವಿಭಕ್ತಿಯನ್ನು ಬಯಸುತ್ತವೆ. ‘ಅಜ್ಜಿಗೆ ನೆನಪಿಲ್ಲ’, ‘ಅಜ್ಜಿಗೆ ಗೊತ್ತಾಗುವುದಿಲ್ಲ’, ‘ಅಜ್ಜಿಗೆ ತಿಳಿಯದು’. ಮಾತಿನಲ್ಲಿ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕವಿತೆಯ ಇಪ್ಪತ್ತು ಸಾಲುಗಳಲ್ಲಿ ಹತ್ತು ಸಾಲು ‘ಅಜ್ಜಿಗೆ’ ಎಂದೇ ಶುರುವಾದರೆ, ಅವಳು ಏನನ್ನೂ ಮಾಡದವಳಾಗಿ, ಬರೀ ಎಲ್ಲವೂ ಆಗುವವಳಾಗಿ ಉಳಿಯುತ್ತಾಳೆ. ಪ್ರೀತಿಯಿಂದ ಬರೆದ ಕವಿತೆಯೂ ವಾಕ್ಯರಚನೆಯ ಮೂಲಕವೇ ಅವಳನ್ನು ಮೂಲೆಗೆ ಕೂರಿಸಿಬಿಡುತ್ತದೆ. ಆದ್ದರಿಂದ ಕರಡು ಬರೆದ ಮೇಲೆ ಮೊದಲು ಮಾಡಬೇಕಾದ ಕೆಲಸ ‘ಅಜ್ಜಿಗೆ’ಗಳ ಕೆಳಗೆ ಗೆರೆ ಎಳೆಯುವುದು. ಅವುಗಳಲ್ಲಿ ಎಷ್ಟನ್ನು ‘ಅಜ್ಜಿ’ ಎಂದು ತಿದ್ದಿ, ಮುಂದೆ ಒಂದು ಕ್ರಿಯಾಪದ ಕೊಡಬಹುದು ಎಂದು ನೋಡುವುದು. ‘ಅಜ್ಜಿಗೆ ಬೀಗದಕೈ ಎಲ್ಲಿದೆ ಎಂದು ನೆನಪಿಲ್ಲ’ ಎಂಬುದು ‘ಅಜ್ಜಿ ಬೀಗದಕೈ ಹುಡುಕುತ್ತಾಳೆ’ ಎಂದಾದಾಗ ಸಂಗತಿ ಬದಲಾಗುವುದಿಲ್ಲ. ಆದರೆ ಅವಳು ಎದ್ದು ನಿಲ್ಲುತ್ತಾಳೆ.

ಮಾತು ಮಾತಾಗಿಯೇ ಉಳಿಯಬಾರದೆಂದು ಒಂದು ಕವಿತೆಯನ್ನೇ ಮುಂದಿಡುತ್ತೇನೆ. ಬಾಲ್ಯದಿಂದ ಪೇಟೆಯಲ್ಲಿ ಹೂ ಮಾರಿ ಬದುಕಿದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಂಡು ಈ ಲೇಖನಕ್ಕೆಂದೇ ಕಟ್ಟಿದ್ದು. ಅವಳಿಗೆ ಈಗ ಎಂಬತ್ತನಾಲ್ಕು, ಕಾಯಿಲೆ ನಡುಹಂತದಲ್ಲಿದೆ. ಮನೆಯಲ್ಲಿ ಸೊಸೆ ಇದ್ದಾಳೆ. ಕವಿತೆ ಹೇಳುತ್ತಿರುವವಳು ಮೊಮ್ಮಗಳು.

ನಾಳೆ ಕೊಡು

ಸೆರಗಿನ ತುದಿಗೆ ಬೀಗದಕೈ ಕಟ್ಟಿಕೊಂಡು
ಮನೆಯೆಲ್ಲ ಬೀಗದಕೈ ಹುಡುಕುತ್ತಾಳೆ ಅಜ್ಜಿ.
ಹುಡುಕುತ್ತಲೇ ಹಾಸಿಗೆ ಮಡಿಸುತ್ತಾಳೆ,
ದೀಪದ ಬತ್ತಿ ಸರಿಮಾಡುತ್ತಾಳೆ,
ನನ್ನ ಕಡೆ ತಿರುಗಿ, “ಬುಟ್ಟಿ ತಂದೆಯಾ? ಹೊತ್ತಾಯಿತು.”

ಮಧ್ಯಾಹ್ನ ಮತ್ತೆ, “ಬುಟ್ಟಿ ತಂದೆಯಾ?”
“ತಂದಿದ್ದೀನಿ ಅತ್ತೆ,” ಒಲೆಯ ಮುಂದಿನಿಂದ ಅಮ್ಮ.
ಐದನೆಯ ಸಲ ಕೇಳಿದಾಗ ಸೌಟು ಕುಕ್ಕುತ್ತಾಳೆ.
ಆರನೆಯ ಸಲ ಕೇಳಿದಾಗ ಕೈ ಒರೆಸಿಕೊಂಡು ಹೋಗಿ
ಬುಟ್ಟಿಯನ್ನೇ ತಂದು ಮುಂದಿಡುತ್ತಾಳೆ.

ಸೇವಂತಿಗೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ ಈಗ.
ಅದಕ್ಕೂ ‘ಇದು’, ಮಲ್ಲಿಗೆಗೂ ‘ಇದು’,
ನನಗೆ ‘ಇವಳು’.
ಬೆರಳು ಎರಡು ಹೂ ಈ ಕಡೆ, ಎರಡು ಆ ಕಡೆ ಇಟ್ಟು
ನಾರು ಸುತ್ತಿ, ಬಿಗಿದು, ಮುಂದಿನ ಹೂಗೆ ಹೋಗುತ್ತವೆ.
ಒಂದು ಗಂಟೂ ಸಡಿಲವಿಲ್ಲ.

“ಮೊಳ ಎಷ್ಟಮ್ಮ?” ಎಂದೆ.
ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದಳು,
ಮೇಲೊಂದು ಗೇಣು ಬಿಟ್ಟಳು.
“ಒಂದಾಣೆ.”
ನನ್ನ ಹತ್ತಿರ ಆಣೆ ಇರಲಿಲ್ಲ.
ಮುಖ ನೋಡಿದಳು. ಯಾರೆಂದು ಕೇಳಲಿಲ್ಲ.
“ಮುಡಿದುಕೋ,” ಎಂದಳು, “ನಾಳೆ ಕೊಡು.”

ಈ ಕವಿತೆಯಲ್ಲಿ ನೆನಪು, ಮರೆವು ಎಂಬ ಪದಗಳು ಎಲ್ಲೂ ಇಲ್ಲ. ಬೇಕೆಂದೇ ಬಿಟ್ಟಿದ್ದು. ಮರೆವು ಎಂದು ಹೆಸರಿಟ್ಟ ಕೂಡಲೇ ಓದುವವರು ಮುಂದಿನದನ್ನೆಲ್ಲ ರೋಗಲಕ್ಷಣವಾಗಿ ಓದತೊಡಗುತ್ತಾರೆ. ಸೆರಗಿಗೆ ಕಟ್ಟಿದ ಬೀಗದಕೈಯನ್ನೇ ಹುಡುಕುತ್ತಿದ್ದಾಳೆ ಎಂದರೆ ಸಾಕು, ಏನಾಗಿದೆಯೆಂದು ತಿಳಿಯುತ್ತದೆ. ಆದರೆ ಆ ಸಾಲಿಗೇ ನಿಲ್ಲಿಸಿದ್ದರೆ ನಗೆಯೋ ಮರುಕವೋ ಹುಟ್ಟುತ್ತಿತ್ತು. ಅದಕ್ಕೇ ಅವಳು ಹುಡುಕುತ್ತಲೇ ಹಾಸಿಗೆ ಮಡಿಸುತ್ತಾಳೆ, ಬತ್ತಿ ಸರಿಮಾಡುತ್ತಾಳೆ. ಇದು ಕವಿತೆಗಾಗಿ ಮಾಡಿದ ಅಲಂಕಾರವಲ್ಲ. ಈ ಹಂತದಲ್ಲಿರುವವರು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತಾರೆ, ಹೊರಗಿನವರಿಗೆ ಅದು ಸುಮ್ಮನೆ ಅಲೆದಾಟ. ಹತ್ತಿರದಿಂದ ನೋಡಿದವರಿಗೆ ಅದರೊಳಗೆ ಹಳೆಯ ದಿನಚರಿ ಕಾಣುತ್ತದೆ. ಬೆಳಿಗ್ಗೆ ಎದ್ದು ಮನೆಗೆಲಸ ಮುಗಿಸಿ, ಬೀಗ ಹಾಕಿ, ಹೂಬುಟ್ಟಿ ಹೊತ್ತು ಪೇಟೆಗೆ ಹೋಗಬೇಕಾದ ಹೆಂಗಸು ಅವಳು. ಹೊತ್ತಾಯಿತು ಎಂಬ ಅವಳ ಆತಂಕ ನಿಜ. ಹೊತ್ತು ತಪ್ಪಿದರೆ ಹೂ ಬಾಡುತ್ತದೆ.

ಯಾವುದು ಮೊದಲು ಹೋಗುತ್ತದೆ, ಯಾವುದು ಕೊನೆಯವರೆಗೆ ಉಳಿಯುತ್ತದೆ ಎಂಬುದು ಕವಿಗೆ ಗೊತ್ತಿರಬೇಕು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ತಿಯೊಡ್ಯೂಲ್ ರಿಬೊ 1881ರಲ್ಲೇ ಇದನ್ನು ಗುರುತಿಸಿದ್ದ: ಮೊನ್ನೆಯದು ಮೊದಲು ಹೋಗುತ್ತದೆ, ಬಹಳ ಹಿಂದಿನದು ಕೊನೆಗೆ. ಆಲ್ಝೈಮರ್ ಕಾಯಿಲೆಯಲ್ಲಿ ಮೊದಲು ಹಾಳಾಗುವ ಭಾಗಗಳಲ್ಲಿ ಹೊಸ ಸಂಗತಿಗಳನ್ನು ದಾಖಲಿಸುವ ಹಿಪೊಕ್ಯಾಂಪಸ್ ಒಂದು. ಅದು ಕಿವಿಯ ಮಟ್ಟಕ್ಕೆ ಮೆದುಳಿನ ಒಳಗಡೆ ಇದೆ. ಹೀಗಾಗಿ ಅಜ್ಜಿ ಹತ್ತು ನಿಮಿಷದ ಹಿಂದೆ ಬುಟ್ಟಿ ಕೇಳಿದ್ದು ಎಲ್ಲೂ ದಾಖಲಾಗಿಯೇ ಇಲ್ಲ. ನಮ್ಮ ಪಾಲಿಗೆ ಅದು ಐದನೆಯ ಸಲ, ಅವಳ ಪಾಲಿಗೆ ಪ್ರತಿಸಲವೂ ಮೊದಲನೆಯದು. ಆಮೇಲೆ ವಸ್ತುಗಳ ಹೆಸರು ಹೋಗುತ್ತದೆ. ಸೇವಂತಿಗೆ ‘ಇದು’ ಆಗುತ್ತದೆ. ಆದರೆ ಕೈ ಕಲಿತದ್ದು ಬೇರೆ ದಾರಿಯಲ್ಲಿ ಉಳಿದಿರುತ್ತದೆ. ಹೂ ಕಟ್ಟುವುದು, ಹೊಸೆಯುವುದು, ಮೊರದಲ್ಲಿ ಕೇರುವುದು, ಹಾಡಿಗೆ ತಾಳ ಹಾಕುವುದು, ಇವುಗಳಿಗೆ ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂಬದಿಯ ಸೆರಿಬೆಲ್ಲಂ ಆಧಾರ. ಕಾಯಿಲೆ ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ಹೂವಿನ ಹೆಸರು ಹೇಳಲಾಗದವಳು ಹೂವನ್ನು ಚೆಂದವಾಗಿ ಕಟ್ಟುತ್ತಾಳೆ ಎಂಬುದು ಪವಾಡವೂ ಅಲ್ಲ, ಕವಿಯ ಕಲ್ಪನೆಯೂ ಅಲ್ಲ.

ಮೂರನೆಯ ಭಾಗದ ಕಡೆಯ ಸಾಲನ್ನು ಹಾಗೆ ಬರೆದದ್ದೂ ಇದಕ್ಕೇ. ‘ಪಾಪ, ಇನ್ನೂ ಹೂ ಕಟ್ಟುತ್ತಾಳೆ’ ಎನ್ನುವ ದನಿಯಲ್ಲಿ ಅದನ್ನು ಬರೆಯಬಹುದಿತ್ತು. ‘ಒಂದು ಗಂಟೂ ಸಡಿಲವಿಲ್ಲ’ ಎಂಬುದು ಕೊಳ್ಳುವವರ ಮಾತು. ಮಾಲೆಯನ್ನು ಎಳೆದು ನೋಡಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವವರ ಮೆಚ್ಚುಗೆ. ಕೆಲಸ ಬಲ್ಲವಳ ಕೆಲಸವನ್ನು ಕೆಲಸವಾಗಿಯೇ ಅಳೆಯುವುದು ಅವಳಿಗೆ ಸಲ್ಲಬೇಕಾದ ಮರ್ಯಾದೆ. ನಮ್ಮಲ್ಲಿ ಇದಕ್ಕೆ ಬಹುದೊಡ್ಡ ಮಾದರಿ ಪಿ. ಲಂಕೇಶರ ‘ಅವ್ವ’. ಆ ಕವಿತೆ ತಾಯಿಯನ್ನು ಪುರಾಣದ ಪತಿವ್ರತೆಯರ ಸಾಲಿಗೆ ಸೇರಿಸಲು ಒಪ್ಪುವುದಿಲ್ಲ. ಅವಳ ದುಡಿಮೆ, ಜಗಳ, ಚಿಂತೆಗಳನ್ನು ಇದ್ದಂತೆ ಇಟ್ಟು, ಅದರಿಂದಲೇ ಅವಳನ್ನು ಎತ್ತರಕ್ಕೆ ಒಯ್ಯುತ್ತದೆ. ತಾಯಿಯನ್ನು ದೇವತೆ ಮಾಡಲು ಹೋದ ಎಷ್ಟೋ ಕವಿತೆಗಳು ಕಣ್ಮರೆಯಾದವು, ‘ಅವ್ವ’ ಉಳಿಯಿತು.

ಎರಡನೆಯ ಭಾಗದಲ್ಲಿ ಸೌಟು ಕುಕ್ಕುವ ಸೊಸೆ ಇದ್ದಾಳಲ್ಲ, ಅವಳನ್ನು ತೆಗೆದುಬಿಟ್ಟರೆ ಕವಿತೆ ಹೆಚ್ಚು ಮಧುರವಾಗುತ್ತಿತ್ತು. ಸುಳ್ಳೂ ಆಗುತ್ತಿತ್ತು. ಅಜ್ಜಿಯ ಮೇಲಿನ ಕವಿತೆಗಳನ್ನು ಹೆಚ್ಚಾಗಿ ಬರೆಯುವವರು ದಸರೆಗೋ ಬೇಸಿಗೆ ರಜೆಗೋ ಬಂದುಹೋಗುವ ಮೊಮ್ಮಕ್ಕಳು. ದಿನವೂ ಸ್ನಾನ ಮಾಡಿಸಿ, ಸೀರೆ ಬದಲಿಸಿ, ರಾತ್ರಿ ಎರಡು ಸಲ ಎದ್ದು ಬಾಗಿಲ ಚಿಲಕ ನೋಡುವವರು ಬೇರೆ. ಮೊಮ್ಮಗಳ ಅಕ್ಕರೆಗೆ ಸೊಸೆಯ ದುಡಿಮೆಯೇ ಜಾಗ ಮಾಡಿಕೊಟ್ಟಿದೆ. ಆ ದುಡಿಮೆ ಕವಿತೆಯಲ್ಲಿ ಕಾಣದೇ ಹೋದರೆ ಅಕ್ಕರೆ ಪುಕ್ಕಟೆಯದಾಗುತ್ತದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಜನ ಇರುವುದು ಮನೆಗಳಲ್ಲೇ, ನೋಡಿಕೊಳ್ಳುವವರು ಮನೆಯ ಹೆಂಗಸರೇ.

ಸೌಟಿನ ಸದ್ದಿಗೂ ಬುಟ್ಟಿಗೂ ನಡುವೆ ಒಂದು ಸಂಬಂಧವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಆಲ್ಝೈಮರ್ ಇರುವ 17 ಜನರಿಗೆ ದುಃಖದ ಸಿನಿಮಾ ತುಣುಕುಗಳನ್ನೂ ಸಂತೋಷದ ತುಣುಕುಗಳನ್ನೂ ಬೇರೆಬೇರೆಯಾಗಿ ತೋರಿಸಿದರು. ಐದು ನಿಮಿಷದ ನಂತರ ಏನು ನೋಡಿದಿರಿ ಎಂದು ಕೇಳಿದರೆ ಹೆಚ್ಚಿನವರಿಗೆ ಏನೂ ಹೇಳಲಾಗಲಿಲ್ಲ. ಆದರೆ ನೋಡಿದ್ದರಿಂದ ಎದ್ದ ದುಃಖ, ಸಂತೋಷಗಳು ಅರ್ಧ ಗಂಟೆಯವರೆಗೂ ಅವರಲ್ಲಿ ಇದ್ದವು. ಸಂಗತಿ ಹೋದರೂ ಭಾವ ಉಳಿಯುತ್ತದೆ. ಸೊಸೆ ಸಿಡುಕಿದ್ದು ಅಜ್ಜಿಯ ಮನಸ್ಸಿನಿಂದ ಬೇಗನೆ ಅಳಿಸಿಹೋಗುತ್ತದೆ, ಯಾಕೆಂದು ತಿಳಿಯದ ನೋವು ಮಾತ್ರ ಅವಳೊಳಗೆ ಕುಳಿತಿರುತ್ತದೆ. ನಿತ್ಯ ಆರೈಕೆ ಮಾಡುವವರಿಗೆ ಈ ಸಂಶೋಧನೆ ಓದದೆಯೇ ಇದು ಗೊತ್ತು. ಆದ್ದರಿಂದ ಆರನೆಯ ಸಲಕ್ಕೆ ಸೊಸೆ ವಿವರಣೆ ಕೊಡುವುದಿಲ್ಲ, ‘ಅತ್ತೆ, ನೀವು ಹೂ ಮಾರುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು’ ಎಂದು ತಿದ್ದುವುದೂ ಇಲ್ಲ. ಕೈ ಒರೆಸಿಕೊಂಡು ಹೋಗಿ ಬುಟ್ಟಿ ತರುತ್ತಾಳೆ. ಕವಿತೆಯಲ್ಲಿ ಅತಿ ದೊಡ್ಡ ಪ್ರೀತಿಯ ಕೆಲಸ ಮಾಡುವವಳು ಅವಳೇ, ಅದೂ ಒಳಗೊಳಗೇ ಸಿಟ್ಟಿದ್ದುಕೊಂಡೇ.

ಈಗ ಒಂದಾಣೆಯ ಬಗ್ಗೆ. ಇದರ ಮೇಲೆ ಇಡೀ ಕವಿತೆ ನಿಂತಿದೆ. ಅಜ್ಜಿ ಮನಸ್ಸಿನಲ್ಲಿ ಯಾವ ವರ್ಷದಲ್ಲಿದ್ದಾಳೆ ಎಂದು ಓದುವವರಿಗೆ ತಿಳಿಯಬೇಕು. ‘ಅವಳು ತನ್ನ ಬಾಲ್ಯಕ್ಕೆ ಮರಳಿದ್ದಾಳೆ’ ಎಂದು ಬರೆದರೆ ಅದು ಕವಿ ಕೊಟ್ಟ ವರದಿ. ಅವಳು ಹೇಳಿದ ಬೆಲೆಯಿಂದ ತಿಳಿದರೆ ಅದು ಅವಳದೇ ಮಾತು. ಮೊದಲಿಗೆ ‘ನಾಲ್ಕಾಣೆ’ ಎಂದು ಹಾಕುವ ಆಸೆಯಾಗುತ್ತದೆ, ಕಿವಿಗೂ ಅದು ಹಿತ. ಆದರೆ ನಾಲ್ಕಾಣೆ ಕಾಲವನ್ನು ಹೇಳುವುದಿಲ್ಲ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದ ಮೇಲೂ ನಾವು 25 ಪೈಸೆಯನ್ನು ನಾಲ್ಕಾಣೆ ಎಂದೇ ಕರೆದೆವು. 2011ರಲ್ಲಿ ಆ ನಾಣ್ಯ ಚಲಾವಣೆ ನಿಲ್ಲುವವರೆಗೂ ಆ ಹೆಸರಿತ್ತು. ಒಂದಾಣೆ ಹಾಗಲ್ಲ. ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲದ ಲೆಕ್ಕ ಅದು, ಹೊಸ ಪೈಸೆಯಲ್ಲಿ ಅದಕ್ಕೆ ಸರಿಸಮನಾದ ನಾಣ್ಯವೇ ಬರಲಿಲ್ಲ. ಈಗ ಎಂಬತ್ತನಾಲ್ಕಾದವಳಿಗೆ ಆಗ ಹದಿನೈದು, ಹದಿನಾರು. ತಾಯಿಯ ಪಕ್ಕದಲ್ಲಿ ಕುಳಿತು ಹೂ ಮಾರುತ್ತಿದ್ದ ಹುಡುಗಿ. ಆ ವಯಸ್ಸಿನಲ್ಲಿ ಅವಳಿಗೆ ಮದುವೆಯೇ ಆಗಿಲ್ಲ, ಮಗನಿಲ್ಲ, ಸೊಸೆಯಿಲ್ಲ. ಮೊಮ್ಮಗಳಂತೂ ಇರಲು ಸಾಧ್ಯವೇ ಇಲ್ಲ. ನನ್ನನ್ನು ಗುರುತಿಸಲಿಲ್ಲ ಎಂದು ಕೊರಗುವ ಕವಿತೆಗಳು ಈ ಲೆಕ್ಕವನ್ನು ಮಾಡಿರುವುದಿಲ್ಲ. ಹದಿನಾರರ ಹುಡುಗಿ ಮೊಮ್ಮಗಳನ್ನು ಗುರುತಿಸದಿರುವುದರಲ್ಲಿ ತಪ್ಪೇನಿದೆ? ಅವಳ ವರ್ಷದಲ್ಲಿ ನಿಂತು ನೋಡಿದರೆ ಅವಳು ಹೇಳುವುದೆಲ್ಲ ಸರಿ.

ಮೊಮ್ಮಗಳು ಅವಳನ್ನು ‘ಅಜ್ಜಿ’ ಎಂದು ಕರೆಯದೆ ‘ಮೊಳ ಎಷ್ಟಮ್ಮ’ ಎಂದು ಕೇಳುವುದೂ ಅದಕ್ಕಾಗಿಯೇ. ಹೂ ಮಾರುವವಳನ್ನು ಗಿರಾಕಿ ಮಾತಾಡಿಸುವ ರೀತಿ ಅದು. ಅವಳ ವ್ಯಾಪಾರದೊಳಕ್ಕೆ ಹೋಗಲು ಮೊಮ್ಮಗಳು ತನ್ನ ಸಂಬಂಧವನ್ನು ಹೊರಗೆ ಬಿಟ್ಟು ಹೋಗುತ್ತಾಳೆ. ಇದು ಸುಲಭವಲ್ಲ. ‘ನಾನು ಯಾರು ಹೇಳು ನೋಡೋಣ’ ಎಂದು ಮತ್ತೆ ಮತ್ತೆ ಕೇಳಿ ಪರೀಕ್ಷೆ ಮಾಡುವ ಚಟ ಹೆಚ್ಚಿನ ಮನೆಗಳಲ್ಲಿದೆ. ಬಂದ ನೆಂಟರೆಲ್ಲ ಅದನ್ನೇ ಕೇಳುತ್ತಾರೆ. ಕೇಳುವವರಿಗೆ ಅದು ವಾತ್ಸಲ್ಯ, ಉತ್ತರ ಗೊತ್ತಿಲ್ಲದವಳಿಗೆ ಅದು ನಾಲ್ಕು ಜನರ ಎದುರಿನ ಸೋಲು.

ಕೊನೆಯ ಸಾಲುಗಳಲ್ಲಿ ಕೊಡುವವರು, ತೆಗೆದುಕೊಳ್ಳುವವರು ಅದಲುಬದಲಾಗುತ್ತಾರೆ. ಕನಿಕರದ ಕವಿತೆಯಲ್ಲಿ ಕೊಡುವವರು ಯಾವಾಗಲೂ ನಾವೇ: ತುತ್ತು ಕೊಡುತ್ತೇವೆ, ಸಮಯ ಕೊಡುತ್ತೇವೆ, ಕಣ್ಣೀರು ಕೊಡುತ್ತೇವೆ. ಇಲ್ಲಿ ದುಡ್ಡಿಲ್ಲದೆ ನಿಂತವಳು ಮೊಮ್ಮಗಳು, ಕಡ ಕೊಡುವವಳು ಅಜ್ಜಿ. ಅಳತೆಯಲ್ಲಿ ಒಂದು ಗೇಣು ಹೆಚ್ಚೇ ಬಿಟ್ಟಿದ್ದಾಳೆ. ಪರಿಚಯವಿಲ್ಲದ ಹುಡುಗಿಗೆ ನಾಳೆ ಕೊಡು ಎನ್ನುತ್ತಾಳೆ. ಎಷ್ಟೋ ವರ್ಷ ಪೇಟೆಯಲ್ಲಿ ಕುಳಿತು ಗಿರಾಕಿಗಳ ಮುಖ ನೋಡಿ ನಂಬುವುದನ್ನು ಅವಳು ರೂಢಿಸಿಕೊಂಡಿದ್ದಾಳೆ. ಆ ರೂಢಿ ಹೋಗಿಲ್ಲ. ನಾಳೆ ಎಂಬುದು ಅವಳ ಮನಸ್ಸಿನಲ್ಲಿ ಉಳಿಯುವುದಿಲ್ಲ ಎಂಬುದು ಓದುವವರಿಗೆ ತಾನಾಗಿಯೇ ಹೊಳೆಯುತ್ತದೆ. ಅದನ್ನು ಕವಿತೆ ಬಾಯಿಬಿಟ್ಟು ಹೇಳಿದ್ದರೆ ಅವಳ ಔದಾರ್ಯ ಅಲ್ಲಿಗೇ ಸಾಯುತ್ತಿತ್ತು.

ಇಲ್ಲಿಗೆ ಬಂದ ಮೇಲೆ ಇನ್ನೊಂದು ಭಾಗ ಸೇರಿಸುವ ಆಸೆ ಬಲವಾಗಿ ಬರುತ್ತದೆ. ಮೊಮ್ಮಗಳು ಹಳೆಯ ನಾಣ್ಯ ಮಾರುವವರ ಹತ್ತಿರ ಹೋಗಿ ಒಂದಾಣೆಯ ನಾಣ್ಯವನ್ನು ಕೊಂಡು ತರುತ್ತಾಳೆ, ಅಜ್ಜಿಯ ಅಂಗೈಯಲ್ಲಿಡುತ್ತಾಳೆ, ಅಜ್ಜಿ ಅದನ್ನು ನೋಡಿ ಅವಳ ಹೆಸರು ಹಿಡಿದು ಕರೆಯುತ್ತಾಳೆ. ಓದುವವರ ಕಣ್ಣು ತುಂಬುತ್ತದೆ. ಆದರೆ ಇದರಲ್ಲಿ ಎರಡು ಕೇಡುಗಳಿವೆ. ನಾಣ್ಯ ತಂದವಳೇ ಕಥಾನಾಯಕಿಯಾಗುತ್ತಾಳೆ, ಅಜ್ಜಿ ಅವಳ ಒಳ್ಳೆಯತನವನ್ನು ತೋರಿಸುವ ನೆಪವಾಗುತ್ತಾಳೆ. ಎರಡನೆಯದು, ಆ ಗುರುತಿಸುವಿಕೆ. ಎಲ್ಲೋ ಒಮ್ಮೊಮ್ಮೆ ಅಂಥ ಕ್ಷಣ ಬರುವುದುಂಟು, ನಿಜ. ಆದರೆ ಕವಿತೆ ಅದನ್ನೇ ಬಹುಮಾನದಂತೆ ಕೊನೆಗಿಟ್ಟರೆ, ಗುರುತಿಸಿದರೆ ಮಾತ್ರ ಅವಳು ಪೂರ್ತಿ ಮನುಷ್ಯಳು ಎಂದಂತಾಯಿತು. ಅದರ ಹಿಂದಿನ ಇಪ್ಪತ್ತು ಸಾಲು ಹೇಳಿದ್ದು ಅದಕ್ಕೆ ವಿರುದ್ಧವಾದದ್ದು.

ರೂಪದ ಬಗ್ಗೆ ಒಂದೇ ಮಾತು. ಈ ವಸ್ತುವಿಗೆ ತ್ರಿಪದಿ ಚೆನ್ನಾಗಿ ಒಗ್ಗುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡಿದ ಮಟ್ಟು ಅದು. ಹಾಡುವಾಗ ಎರಡನೆಯ ಸಾಲಿನ ಭಾಗ ಮತ್ತೆ ಬರುತ್ತದೆ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹಿಸಿಕೊಟ್ಟದ್ದರಿಂದ ಅದರ ದನಿ ಅಚ್ಚಿನಲ್ಲೂ ಉಳಿದಿದೆ. ಅಜ್ಜಿಯೇ ಹಾಡುವ ಕವಿತೆಯಾದರೆ ನಾನೂ ತ್ರಿಪದಿಯನ್ನೇ ಆರಿಸುತ್ತಿದ್ದೆ. ಇಲ್ಲಿ ಹೇಳುತ್ತಿರುವವಳು ಮೊಮ್ಮಗಳು, ಅವಳ ಕಿವಿಗೆ ಬೀಳುವುದು ಹಾಡಲ್ಲ, ಮತ್ತೆ ಮತ್ತೆ ಬರುವ ಒಂದೇ ಪ್ರಶ್ನೆ. ಅದನ್ನೇ ಪಲ್ಲವಿಯಂತೆ ಬಳಸಿ ಉಳಿದುದನ್ನು ಮಾತಿನ ಲಯಕ್ಕೆ ಬಿಟ್ಟಿದ್ದೇನೆ. ಪ್ರಶ್ನೆ ಕವಿತೆಯಲ್ಲಿ ಎರಡೇ ಸಲ ಬರುತ್ತದೆ, ಉಳಿದ ಸಲಗಳನ್ನು ಸೌಟು ಹೇಳುತ್ತದೆ. ಆರು ಸಲವೂ ಬರೆದಿದ್ದರೆ ಅಜ್ಜಿ ನಗೆಪಾಟಲಾಗುತ್ತಿದ್ದಳು.

ಅವಳ ಮಾತುಗಳನ್ನು ಕವಿತೆಗೆ ತೆಗೆದುಕೊಳ್ಳಲು ನಮಗೆ ಯಾರ ಅಪ್ಪಣೆ ಇದೆ ಎಂಬುದು ಬಿಡಿಸಲಾಗದ ಪ್ರಶ್ನೆ. ಬ್ರಿಟನ್ನಿನ ಕವಿ ಜಾನ್ ಕಿಲ್ಲಿಕ್ ಡಿಮೆನ್ಷಿಯಾ ಇರುವವರ ಜೊತೆ ಆರೈಕೆ ಕೇಂದ್ರಗಳಲ್ಲಿ ಕುಳಿತು ಅವರು ಆಡಿದ ಮಾತುಗಳನ್ನು ಬರೆದುಕೊಂಡ. ತನ್ನದನ್ನು ಸೇರಿಸದೆ, ಬೇಡವಾದದ್ದನ್ನು ಬಿಟ್ಟು, ಸಾಲು ಮುರಿದು ಅವನ್ನು ಕವಿತೆಯಾಗಿಸಿದ. ಅಂಥ ಒಂದು ಸಂಕಲನ 1997ರಲ್ಲಿ ಬಂತು. ಆ ಕವಿತೆಗಳನ್ನು ಅವನು ಆಡಿದವರಿಗೇ ಮತ್ತೆ ಓದಿ ಹೇಳುತ್ತಿದ್ದ. ನಮ್ಮ ಮನೆಗಳಿಗೂ ಇದು ಒಳ್ಳೆಯ ಒರೆಗಲ್ಲು: ಬರೆದದ್ದನ್ನು ಅಜ್ಜಿಯ ಎದುರಿಗೇ ಗಟ್ಟಿಯಾಗಿ ಓದಲು ಬಾಯಿ ಬರುತ್ತದೆಯೇ? ‘ಅಜ್ಜಿ ಮಗುವಾದಳು, ಕತ್ತಲಾದಳು, ನೆರಳಾದಳು’ ಎಂಬುದನ್ನು ಯಾರೂ ಅವಳ ಮುಂದೆ ಓದಲಾರರು. ‘ಒಂದು ಗಂಟೂ ಸಡಿಲವಿಲ್ಲ’ ಎಂಬುದನ್ನು ಓದಬಹುದು. ಅವಳಿಗೆ ತನ್ನ ಬಗ್ಗೆ ಎಂದು ಗೊತ್ತಾಗದಿದ್ದರೂ, ಯಾರೋ ಹೂ ಬಲ್ಲವರು ಮಾತಾಡುತ್ತಿದ್ದಾರೆ ಎಂದಾದರೂ ತಲೆಯಾಡಿಸಿಯಾಳು. ಓದಲು ನಾಲಿಗೆ ತಡವರಿಸಿದ ಸಾಲುಗಳನ್ನು ಗುರುತು ಹಾಕಿಕೊಂಡರೆ, ಎಲ್ಲಿ ಕನಿಕರ ನುಸುಳಿದೆ ಎಂಬುದು ಬೇರೆ ಯಾವ ವಿಮರ್ಶಕರೂ ಬೇಡದೆ ತಿಳಿಯುತ್ತದೆ.

ಈ ಕವಿತೆ ಎಲ್ಲ ಅಜ್ಜಿಯರಿಗೂ ಸಲ್ಲುವುದಿಲ್ಲ. ಮರೆವಿನ ಕಾಯಿಲೆಗಳಲ್ಲಿ ಹಲವು ಬಗೆಗಳಿವೆ. ಮೆದುಳಿನ ರಕ್ತನಾಳಗಳ ತೊಂದರೆಯಿಂದ ಬರುವುದು ಹೆಚ್ಚಾಗಿ ಮೆಟ್ಟಿಲಿಳಿದಂತೆ ಒಮ್ಮೆಗೇ ಇಳಿದು, ಕೆಲಕಾಲ ನಿಂತು, ಮತ್ತೆ ಇಳಿಯುತ್ತದೆ. ಲೂಯಿ ಬಾಡಿ ಎಂಬ ಬಗೆಯಲ್ಲಿ ಇಲ್ಲದ ಜನ, ಇಲ್ಲದ ಪ್ರಾಣಿಗಳು ಕಣ್ಣಿಗೆ ಕಾಣುತ್ತವೆ. ಮೆದುಳಿನ ಮುಂಭಾಗಕ್ಕೆ ಹತ್ತುವ ಬಗೆಯಲ್ಲಿ ನೆನಪಿಗಿಂತ ಮೊದಲು ಸ್ವಭಾವ ಬದಲಾಗುತ್ತದೆ, ಸೌಮ್ಯವಾಗಿದ್ದವಳು ಬಾಯಿಗೆ ಬಂದಂತೆ ಬೈಯುತ್ತಾಳೆ. ಅಂಥವಳ ಮೇಲೆ ಬರೆಯುವವರು ಹೂ ಕಟ್ಟುವ ಬೆರಳನ್ನು ನೆಚ್ಚಿಕೊಳ್ಳುವಂತಿಲ್ಲ, ಅವಳ ಬೈಗುಳಕ್ಕೇ ಕವಿತೆಯಲ್ಲಿ ಜಾಗ ಮಾಡಬೇಕಾಗುತ್ತದೆ. ನಮ್ಮ ಹೂವಿನ ಅಜ್ಜಿಯಲ್ಲೂ ಕಾಯಿಲೆ ಇದೇ ಹಂತದಲ್ಲಿ ನಿಲ್ಲುವುದಿಲ್ಲ. ನಾಲ್ಕೈದು ವರ್ಷಗಳಲ್ಲಿ ಬೆರಳೂ ನಾರನ್ನು ಬಿಡಬಹುದು, ಮಾತು ಒಂದೆರಡು ಪದಗಳಿಗೆ ಇಳಿಯಬಹುದು, ನುಂಗುವುದೇ ಕಷ್ಟವಾಗಬಹುದು. ಆಗ ‘ನಾಳೆ ಕೊಡು’ವನ್ನು ಮುಂದುವರಿಸಲು ಬರುವುದಿಲ್ಲ. ಮೊಮ್ಮಗಳು ಮತ್ತೆ ಪಕ್ಕದಲ್ಲಿ ಕುಳಿತು, ಅಜ್ಜಿ ಆಗಲೂ ಏನು ಮಾಡುತ್ತಿದ್ದಾಳೆ ಎಂದು ನೋಡಬೇಕು. ಮಲ್ಲಿಗೆ ಹತ್ತಿರ ತಂದಾಗ ಮುಖ ಯಾವ ಕಡೆ ತಿರುಗುತ್ತದೆ, ಯಾರ ದನಿಗೆ ಹುಬ್ಬು ಸಡಿಲವಾಗುತ್ತದೆ, ಯಾರು ತಿನ್ನಿಸಿದರೆ ಬಾಯಿ ಮುಚ್ಚುತ್ತಾಳೆ. ಬೇಡ ಎಂದು ಬಾಯಿ ಮುಚ್ಚುವುದೂ ಅವಳೇ ಮಾಡುವ ಒಂದು ಕೆಲಸ, ಅದಕ್ಕೂ ಒಂದು ಕ್ರಿಯಾಪದ ಸಲ್ಲುತ್ತದೆ. ಆ ಕವಿತೆ ಇದಕ್ಕಿಂತ ಚಿಕ್ಕದಾಗಿರುತ್ತದೆ, ಅದನ್ನು ಬರೆಯುವ ಹಕ್ಕು ಬಹುಶಃ ಸೊಸೆಯದು.